ಒಟ್ಟು ತಾಳೆಯಾಯಿತು, ನಮ್ಮ ಜಿಲ್ಲೆಯ ಲೆಕ್ಕ?

ವಿಧಾನಸಭೆಯಲ್ಲಿ ಶಾಸಕರೊಬ್ಬರು ಒಂದು ಯೋಜನೆಯ ಬಗ್ಗೆ ಪ್ರಶ್ನೆ ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಇಲಾಖೆಯಿಂದ ಬರುವ ಲಿಖಿತ ಉತ್ತರದಲ್ಲಿ ಎರಡು ಭಾಗಗಳಿರುತ್ತವೆ. ಮೊದಲ ಪುಟದಲ್ಲಿ ಒಂದೇ ಸಾಲು: ಇಷ್ಟು ಫಲಾನುಭವಿಗಳಿಗೆ ಇಷ್ಟು ಕೋಟಿ ರೂಪಾಯಿ ಪಾವತಿಸಲಾಗಿದೆ. ಅದರ ಕೆಳಗೆ, ‘ಜಿಲ್ಲಾವಾರು ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ’. ಪತ್ರಿಕೆಗೆ ಹೋಗುವುದು ಆ ಮೊದಲ ಸಾಲು. ಅನುಬಂಧವನ್ನು ತೆರೆಯುವವರು ತಮ್ಮ ಜಿಲ್ಲೆಯ ಹೆಸರಿನ ಮುಂದೆ ಬೆರಳಿಟ್ಟು ಆ ಒಂದು ಸಂಖ್ಯೆಯನ್ನು ಬರೆದುಕೊಂಡು ಮುಚ್ಚಿಬಿಡುತ್ತಾರೆ. ಮೂವತ್ತೊಂದು ಸಾಲುಗಳನ್ನೂ ಕೂಡಿಸಿ, ಬಂದ ಮೊತ್ತ ಮೊದಲ ಪುಟದ ಸಾಲಿಗೆ ತಾಳೆಯಾಗುತ್ತದೆಯೇ ಎಂದು ನೋಡುವವರು ಬಹಳ ಕಡಿಮೆ. ವಾರ್ಷಿಕ ವರದಿಯಲ್ಲೂ ಕೆಡಿಪಿ ಸಭೆಯ ಪ್ರಗತಿ ವರದಿಯಲ್ಲೂ ಇದೇ ಏರ್ಪಾಡು: ಮುಂದೆ ಒಟ್ಟನ್ನು ಹೇಳುವ ಗೋಷ್ವಾರೆ, ಹಿಂದೆ ಜಿಲ್ಲೆಗೊಂದು ಸಾಲಿನ ತಖ್ತೆ. ಇವತ್ತು ಆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರೋಣ.

ಮಡಿಕೇರಿಯಲ್ಲಿ ಕುಳಿತು ಇದನ್ನು ಮಾತನಾಡಲು ಒಂದು ಕಾರಣವಿದೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಕರ್ನಾಟಕದ್ದು ಸುಮಾರು 6 ಕೋಟಿ 11 ಲಕ್ಷ. ಅಂದರೆ ನಾವು ರಾಜ್ಯದ ನೂರರಲ್ಲಿ ಒಂದು ಪಾಲೂ ಇಲ್ಲ. ನಮ್ಮ ಸಾಲಿನಲ್ಲಿ ಶೇಕಡಾ ಹತ್ತರಷ್ಟು ತಪ್ಪಾಗಿದೆ ಎಂದುಕೊಳ್ಳಿ. ಕೊಡಗಿನ ಮಟ್ಟಿಗೆ ಅದು ದೊಡ್ಡ ತಪ್ಪು, ಸಾವಿರಾರು ಮನೆಗಳ ವಿಷಯ. ಆದರೆ ರಾಜ್ಯದ ಒಟ್ಟು ಮೊತ್ತ ಅದರಿಂದ ಸಾವಿರಕ್ಕೆ ಒಂದರಷ್ಟೂ ಅಲುಗಾಡುವುದಿಲ್ಲ. ಗೋಷ್ವಾರೆಯಲ್ಲಿ ಕೋಟಿಗೆ ದುಂಡಾಗಿಸಿ ಬರೆದಾಗ ನಮ್ಮ ತಪ್ಪು ಆ ದುಂಡಾಗಿಸುವಿಕೆಯಲ್ಲೇ ಕರಗಿಹೋಗಬಹುದು. ಬೆಳಗಾವಿಗೆ, ಬೆಂಗಳೂರಿಗೆ ಈ ತೊಂದರೆ ಇಲ್ಲ. ಅಲ್ಲಿ ತಪ್ಪಾದರೆ ರಾಜ್ಯದ ಮೊತ್ತವೇ ಕೂಗಿ ಹೇಳುತ್ತದೆ. ಆದ್ದರಿಂದ ‘ಒಟ್ಟು ಸರಿಯಿದೆಯಲ್ಲ’ ಎಂಬ ಸಮಾಧಾನ ನಮಗೆ ಸಾಲದು.

ಉದಾಹರಣೆಗೆ ಗೃಹಲಕ್ಷ್ಮಿಯಂಥ ಯೋಜನೆಯನ್ನೇ ತೆಗೆದುಕೊಳ್ಳುತ್ತೇನೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಅದಕ್ಕೆ ಚಾಲನೆ ಸಿಕ್ಕಿದ್ದು ನಿಮಗೆಲ್ಲ ನೆನಪಿದೆ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ನೇರವಾಗಿ ಬ್ಯಾಂಕ್ ಖಾತೆಗೆ. ಲೆಕ್ಕ ನೋಡುವವರಿಗೆ ಇದು ವರ, ಏಕೆಂದರೆ ದರ ಒಂದೇ. ಯಾವ ಜಿಲ್ಲೆಯ ಮೊತ್ತವನ್ನಾದರೂ 2,000ದಿಂದ ಭಾಗಿಸಿದರೆ ಪೂರ್ಣ ಸಂಖ್ಯೆಯೇ ಬರಬೇಕು, ಅದು ಎಷ್ಟು ಕಂತುಗಳು ಜಮೆಯಾದವು ಎಂಬುದನ್ನು ಹೇಳಬೇಕು. ಅನ್ನಭಾಗ್ಯದಲ್ಲಿ ಅಕ್ಕಿಯ ಬದಲು ಹಣ ಕೊಡುತ್ತಿದ್ದಾಗ ಇಷ್ಟು ಸುಲಭವಿರಲಿಲ್ಲ. ಕಿಲೋಗೆ 34 ರೂಪಾಯಿಯಂತೆ ಐದು ಕಿಲೋಗೆ ತಲಾ 170 ರೂಪಾಯಿ, ಆದರೆ ಹಣ ಹೋಗುತ್ತಿದ್ದದ್ದು ಕಾರ್ಡಿನ ಮುಖ್ಯಸ್ಥರ ಖಾತೆಗೆ. ಅಂತ್ಯೋದಯ ಕಾರ್ಡಿಗೆ ಬೇರೆ ಲೆಕ್ಕ. ತಖ್ತೆಯಲ್ಲಿರುವುದು ಕಾರ್ಡುಗಳ ಸಂಖ್ಯೆಯೋ ಸದಸ್ಯರ ಸಂಖ್ಯೆಯೋ ಎಂದು ತಿಳಿಯದೆ ಭಾಗಿಸಿದರೆ ಅರ್ಥವಿಲ್ಲದ ಉತ್ತರ ಬರುತ್ತದೆ. ಸಾಮಾಜಿಕ ಭದ್ರತಾ ಪಿಂಚಣಿಗಳೂ ಹಾಗೆಯೇ. ವಿಧವಾ ವೇತನಕ್ಕೆ ಒಂದು ದರ, ಸಂಧ್ಯಾ ಸುರಕ್ಷಾಕ್ಕೆ ಇನ್ನೊಂದು. ಎಲ್ಲವನ್ನೂ ‘ಪಿಂಚಣಿ’ ಎಂಬ ಒಂದೇ ಕಾಲಂನಲ್ಲಿ ಸುರಿದಿದ್ದರೆ ಈ ಭಾಗಾಕಾರ ಕೆಲಸಕ್ಕೆ ಬಾರದು.

ಕೂಡಿಸುವ ಮುನ್ನ ಸಾಲುಗಳನ್ನು ಎಣಿಸಿ. ಇದನ್ನು ಬಿಟ್ಟವರೇ ಹೆಚ್ಚು. ಕಂದಾಯ ಜಿಲ್ಲೆಗಳು 31. ಬಳ್ಳಾರಿಯಿಂದ ವಿಜಯನಗರ ಬೇರೆಯಾದದ್ದು 2021ರಲ್ಲಿ, ಅದಕ್ಕೂ ಮೊದಲಿನ ವರ್ಷದ ತಖ್ತೆಯಾದರೆ 30. ಎರಡು ವರ್ಷಗಳನ್ನು ಹೋಲಿಸುವಾಗ ಬಳ್ಳಾರಿಯಲ್ಲಿ ಫಲಾನುಭವಿಗಳು ಕುಸಿದರು ಎಂದು ಯಾರಾದರೂ ಗಾಬರಿಯಾದರೆ ಕಾರಣ ಅಷ್ಟೇ. ಶಾಲಾ ಶಿಕ್ಷಣ ಇಲಾಖೆಯ ತಖ್ತೆಯಾದರೆ ಚಿಕ್ಕೋಡಿ, ಶಿರಸಿ, ಮಧುಗಿರಿ ಎಲ್ಲವೂ ಪ್ರತ್ಯೇಕ ಸಾಲುಗಳಾಗಿ ಬರುತ್ತವೆ, ಅವು ಶೈಕ್ಷಣಿಕ ಜಿಲ್ಲೆಗಳು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಅದೇ ಹೆಸರಿನ ಶೈಕ್ಷಣಿಕ ಜಿಲ್ಲೆ ಬೆಂಗಳೂರು ನಗರದೊಳಗೆ ಮೊದಲಿನಿಂದಲೂ ಇದೆ. ಎರಡು ಇಲಾಖೆಗಳ ತಖ್ತೆಗಳನ್ನು ಹೆಸರು ನೋಡಿ ಜೋಡಿಸುವವರು ಇಲ್ಲಿ ಎಡವಬಹುದು. ನಮ್ಮದರಲ್ಲಿ ತಾಲ್ಲೂಕಿಗೆ ಇಳಿದರೆ ಇದೇ ಕಥೆ. ಮೂರೇ ತಾಲ್ಲೂಕುಗಳ ತಖ್ತೆ ಕೈಗೆ ಬಂದರೆ ಕುಶಾಲನಗರ ಸೋಮವಾರಪೇಟೆಯೊಳಗೆ, ಪೊನ್ನಂಪೇಟೆ ವಿರಾಜಪೇಟೆಯೊಳಗೆ ಸೇರಿಕೊಂಡಿವೆ ಎಂದು ತಿಳಿಯಬೇಕು.

ಇನ್ನೊಂದು, ವಿಭಾಗಗಳ ಉಪಮೊತ್ತ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ವಿಭಾಗಗಳ ಉಪಮೊತ್ತಗಳು ನಡುನಡುವೆ ಬಂದಿದ್ದು, ನೀವು ಇಡೀ ಕಾಲಂ ಕೂಡಿಸಿದರೆ ಮೊತ್ತ ಸರಿಯಾಗಿ ಎರಡು ಪಟ್ಟಾಗುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪು, ಹಾಗಾಗಿ ಅಪಾಯ ಕಡಿಮೆ. ಅಪಾಯ ಹೆಚ್ಚಿರುವುದು ಕಂಪ್ಯೂಟರ್ ಮೌನವಾಗಿ ಬಿಟ್ಟುಬಿಡುವ ಸಾಲುಗಳಲ್ಲಿ. ಪಿಡಿಎಫ್‌ನಿಂದ ನಕಲು ಮಾಡಿದ ಸಂಖ್ಯೆಯ ಜೊತೆ ಖಾಲಿ ಜಾಗ ಅಂಟಿಕೊಂಡು ಬಂದಿದ್ದರೆ, ಅಥವಾ ಮೂಲದಲ್ಲಿ ಕನ್ನಡ ಅಂಕಿಗಳಿದ್ದರೆ, ಎಕ್ಸೆಲ್ ಅದನ್ನು ಸಂಖ್ಯೆ ಎಂದೇ ತಿಳಿಯದೆ ಪಠ್ಯ ಎಂದುಕೊಳ್ಳಬಹುದು. ಆಗ ಕೂಡಿಸುವ ಸೂತ್ರ ಅದನ್ನು ಹಾರಿಸಿ ಮುಂದೆ ಹೋಗುತ್ತದೆ, ದೂರು ಹೇಳುವುದಿಲ್ಲ. ಅದಕ್ಕೆ ಎರಡು ಸೂತ್ರಗಳನ್ನು ಒಟ್ಟಿಗೇ ಬರೆಯಿರಿ:

```
=SUM(B2:B32)
=COUNT(B2:B32)
```

ಎರಡನೆಯದು 31 ಎಂದು ತೋರಿಸಿದರೆ ಮಾತ್ರ ಮೊದಲನೆಯದನ್ನು ನಂಬಿ. 29 ಬಂದರೆ ಎರಡು ಜಿಲ್ಲೆಗಳು ಹೊರಗುಳಿದಿವೆ. ಇಲಾಖೆಯ ಮೇಲೆ ಬೆರಳು ತೋರಿಸುವ ಮುನ್ನ ಇದೊಂದನ್ನು ನೋಡಿಕೊಂಡರೆ ನಮ್ಮ ಮರ್ಯಾದೆ ಉಳಿಯುತ್ತದೆ.

ದುಂಡಾಗಿಸುವುದರಿಂದ ಎಷ್ಟು ವ್ಯತ್ಯಾಸ ಬರಬಹುದು ಎಂಬುದನ್ನೂ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು. ತಖ್ತೆಯಲ್ಲಿ ಮೊತ್ತಗಳು ಪೂರ್ಣ ಲಕ್ಷಗಳಲ್ಲಿವೆ ಎನ್ನೋಣ. ಪ್ರತಿ ಸಾಲಿನಲ್ಲೂ ಹೆಚ್ಚೆಂದರೆ ಅರ್ಧ ಲಕ್ಷ ಆಚೀಚೆ ಆಗಿರಬಹುದು. 31 ಸಾಲುಗಳಿಗೆ ಹದಿನೈದೂವರೆ ಲಕ್ಷ, ಗೋಷ್ವಾರೆಯದ್ದೇ ಒಂದು ಅರ್ಧ ಲಕ್ಷ, ಒಟ್ಟು 16 ಲಕ್ಷ. ಎಲ್ಲ ಸಾಲುಗಳೂ ಒಂದೇ ಕಡೆಗೆ ವಾಲುವುದಿಲ್ಲ, ಆದ್ದರಿಂದ ನಿಜದಲ್ಲಿ ವ್ಯತ್ಯಾಸ ಎರಡು ಮೂರು ಲಕ್ಷದೊಳಗೇ ಇರುತ್ತದೆ. 16 ಲಕ್ಷ ದಾಟಿದರೆ ‘ದುಂಡಾಗಿಸಿದ್ದರಿಂದ ಹೀಗಾಗಿದೆ’ ಎಂಬ ಉತ್ತರವನ್ನು ಒಪ್ಪುವಂತಿಲ್ಲ. ಜನರ ಸಂಖ್ಯೆಗೆ ಈ ರಿಯಾಯಿತಿಯೂ ಇಲ್ಲ. ಎರಡೂ ಕಡೆ ಪೂರ್ಣ ಸಂಖ್ಯೆ ಬರೆದಿದ್ದರೆ ಒಬ್ಬರ ವ್ಯತ್ಯಾಸಕ್ಕೂ ಕಾರಣ ಇರಲೇಬೇಕು.

ಈಗ ಹಲಗೆಯ ಮೇಲಿನ ತಖ್ತೆ ನೋಡಿ. ಇವು ಯಾವ ಇಲಾಖೆಯ ಅಂಕಿಗಳೂ ಅಲ್ಲ, ಅಭ್ಯಾಸಕ್ಕಾಗಿ ನಾನೇ ಹೆಣೆದವು. ಮೂವತ್ತೊಂದರ ಬದಲು ಐದೇ ಜಿಲ್ಲೆಗಳಿರುವ ಒಂದು ರಾಜ್ಯ. ಕೊನೆಯದು ನಮ್ಮಂತೆ ಚಿಕ್ಕದು. ಒಂದು ತಿಂಗಳ ಪಾವತಿ, ದರ 2,000 ರೂಪಾಯಿ.

| ಜಿಲ್ಲೆ | ಫಲಾನುಭವಿಗಳು | ಮೊತ್ತ (ಲಕ್ಷ ರೂ.) |
|---|---|---|
| ಅ | 4,10,250 | 8,205 |
| ಆ | 3,26,400 | 6,582 |
| ಇ | 2,78,150 | 5,563 |
| ಈ | 2,45,300 | 4,906 |
| ಉ | 1,26,250 | 2,525 |

ಮೊದಲ ಪುಟದ ಗೋಷ್ವಾರೆ ಹೇಳುವುದು: 13,65,300 ಫಲಾನುಭವಿಗಳು, 277 ಕೋಟಿ 27 ಲಕ್ಷ ರೂಪಾಯಿ.

ಕೂಡಿಸಿ. ಫಲಾನುಭವಿಗಳು 13,86,350 ಆಗುತ್ತಾರೆ. ಮೊತ್ತ 27,781 ಲಕ್ಷ, ಅಂದರೆ 277 ಕೋಟಿ 81 ಲಕ್ಷ. ಗೋಷ್ವಾರೆಗಿಂತ ಜನ 21,050 ಹೆಚ್ಚು, ಹಣ 54 ಲಕ್ಷ ಹೆಚ್ಚು. ಐದೇ ಸಾಲುಗಳಿರುವುದರಿಂದ ದುಂಡಾಗಿಸುವಿಕೆಗೆ ಮೂರು ಲಕ್ಷಕ್ಕಿಂತ ಹೆಚ್ಚು ಬಿಟ್ಟುಕೊಡುವಂತಿಲ್ಲ. ಹಾಗಾದರೆ ಎರಡೂ ನಿಜವಾದ ವ್ಯತ್ಯಾಸಗಳು. ಇಲ್ಲಿ ನಾವು ಮಾಡುವ ಸಹಜವಾದ ತಪ್ಪು ಎಂದರೆ ಎರಡಕ್ಕೂ ಒಂದೇ ಕಾರಣ ಹುಡುಕುವುದು. 21,050 ಜನರಿಗೆ 2,000ದಂತೆ 421 ಲಕ್ಷ ಆಗಬೇಕು, ಆದರೆ ಹಣದ ವ್ಯತ್ಯಾಸ ಬರೀ 54 ಲಕ್ಷ. ಎರಡೂ ಒಂದಕ್ಕೊಂದು ಸಂಬಂಧವಿಲ್ಲದವು. ಬೇರೆ ಬೇರೆಯಾಗಿಯೇ ಹಿಡಿಯೋಣ.

ಹಣದ ವ್ಯತ್ಯಾಸ ಮೊದಲು. 54 ಎಂಬುದು ಒಂಬತ್ತರಿಂದ ಭಾಗವಾಗುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡಿದ ಹಳಬರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಉಂಟಾಗುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕ. ಇದು ಮಂತ್ರವಲ್ಲ. ಹತ್ತರ ಸ್ಥಾನದಲ್ಲಿದ್ದ ಅಂಕಿ ಬಿಡಿಯ ಸ್ಥಾನಕ್ಕೆ ಬಂದರೆ ಅದರ ಬೆಲೆ ಒಂಬತ್ತು ಪಾಲು ಇಳಿಯುತ್ತದೆ, ಬಿಡಿಯದ್ದು ಹತ್ತಕ್ಕೆ ಹೋದರೆ ಒಂಬತ್ತು ಪಾಲು ಏರುತ್ತದೆ. ಈಗ ಪ್ರತಿ ಸಾಲಿನ ಮೊತ್ತವನ್ನು ಫಲಾನುಭವಿಗಳಿಂದ ಭಾಗಿಸಿ. ನಾಲ್ಕು ಸಾಲುಗಳಲ್ಲಿ ಸರಿಯಾಗಿ 2,000 ಬರುತ್ತದೆ. ‘ಆ’ ಜಿಲ್ಲೆಯಲ್ಲಿ ಮಾತ್ರ 2,016 ರೂಪಾಯಿ ಐವತ್ನಾಲ್ಕು ಪೈಸೆ. 3,26,400 ಜನರಿಗೆ 6,528 ಲಕ್ಷ ಆಗಬೇಕು, ಅಚ್ಚಾಗಿರುವುದು 6,582. ಎರಡು ಮತ್ತು ಎಂಟು ಜಾಗ ಬದಲಿಸಿವೆ. ತಿದ್ದಿದರೆ ತಖ್ತೆಯ ಮೊತ್ತ 27,727 ಲಕ್ಷಕ್ಕೆ ಇಳಿದು ಗೋಷ್ವಾರೆಗೆ ಸರಿಯಾಗಿ ಕೂಡುತ್ತದೆ.

ಆದರೆ ಒಂದು ಎಚ್ಚರಿಕೆ ಹೇಳಬೇಕು. ಒಂಬತ್ತರ ಪರೀಕ್ಷೆ ಅನುಮಾನ ಹುಟ್ಟಿಸುತ್ತದೆ, ಸಾಕ್ಷ್ಯವಲ್ಲ. ಮನಸ್ಸಿಗೆ ಬಂದ ಯಾವ ಸಂಖ್ಯೆಯಾದರೂ ಒಂಬತ್ತರಲ್ಲಿ ಒಂದು ಸಲ ಒಂಬತ್ತರಿಂದ ಭಾಗವಾಗಿಬಿಡುತ್ತದೆ. ಇದೇ 54 ಲಕ್ಷವನ್ನು 2,000ದಿಂದ ಭಾಗಿಸಿದರೆ 2,700 ಕಂತುಗಳಾಗುತ್ತವೆ. ‘ಆ’ ಜಿಲ್ಲೆಯ 2,700 ಮಹಿಳೆಯರಿಗೆ ಹಿಂದಿನ ತಿಂಗಳ ಬಾಕಿಯೂ ಸೇರಿ ಎರಡು ಕಂತು ಹೋಗಿದ್ದರೂ ಇದೇ 6,582 ಬರುತ್ತಿತ್ತು. ಯಾವುದು ನಿಜ? ಬಾಕಿ ಕಂತು ನಿಜವಾಗಿ ಪಾವತಿಯಾಗಿದ್ದರೆ ಆ ಹಣ ಗೋಷ್ವಾರೆಯಲ್ಲೂ ಇರಬೇಕಿತ್ತು. ಇಲ್ಲ. ಅದಕ್ಕೇ ಕೈತಪ್ಪು ಎಂದು ತೀರ್ಮಾನಿಸುತ್ತೇವೆ. ಪಾವತಿಯ ತಂತ್ರಾಂಶದಿಂದ ಬಂದ ಒಟ್ಟು ಮೊತ್ತ ನೇರವಾಗಿ ಗೋಷ್ವಾರೆಗೆ ಹೋಗಿ, ಜಿಲ್ಲೆಗಳ ತಖ್ತೆಯನ್ನು ಮಾತ್ರ ಯಾರೋ ಕೈಯಲ್ಲಿ ಮತ್ತೆ ಬೆರಳಚ್ಚು ಮಾಡಿದಾಗ ಹೀಗಾಗುತ್ತದೆ. ಇದರಲ್ಲಿ ಹಗರಣವೇನೂ ಇಲ್ಲ.

ಜನರ ವ್ಯತ್ಯಾಸ ಇಷ್ಟು ಸಲೀಸಲ್ಲ. ಎಲ್ಲ ಸಾಲುಗಳೂ ಈಗ ತಲಾ 2,000 ತೋರಿಸುತ್ತಿವೆ, ಯಾವ ಜಿಲ್ಲೆಯೂ ಅನುಮಾನ ಹುಟ್ಟಿಸುವುದಿಲ್ಲ. ಆದರೂ ತಖ್ತೆಯಲ್ಲಿ 21,050 ಜನ ಹೆಚ್ಚು. ಅವಸರದ ವರದಿಗಾರನಿಗೆ ಇಲ್ಲಿ ತಲೆಬರಹ ಸಿಕ್ಕಿಬಿಡುತ್ತದೆ: ‘21 ಸಾವಿರ ಫಲಾನುಭವಿಗಳು ಕಾಗದದ ಮೇಲೆ ಮಾತ್ರ’. ಸ್ವಲ್ಪ ತಡೆಯಿರಿ.

ಯಾರೂ ಮಾಡದ ಒಂದು ಭಾಗಾಕಾರ ಮಾಡೋಣ. ಜಿಲ್ಲೆಗಳನ್ನು ಬಿಟ್ಟು ಗೋಷ್ವಾರೆಯ ಸಾಲನ್ನೇ ಭಾಗಿಸಿ. 277 ಕೋಟಿ 27 ಲಕ್ಷವನ್ನು 13,65,300ರಿಂದ ಭಾಗಿಸಿದರೆ ತಲಾ 2,030 ರೂಪಾಯಿ 84 ಪೈಸೆ. ದರ 2,000 ಇರುವಾಗ ಸರಾಸರಿ ಅದಕ್ಕಿಂತ ಹೆಚ್ಚಾಗಲು ಒಂದೇ ದಾರಿ: ಕೆಲವರಿಗೆ ಒಂದಕ್ಕಿಂತ ಹೆಚ್ಚು ಕಂತು ಹೋಗಿದೆ. ಎಷ್ಟು ಹೆಚ್ಚು? 13,65,300 ಜನರಿಗೆ ಒಂದೊಂದೇ ಕಂತಾಗಿದ್ದರೆ 27,306 ಲಕ್ಷ ಸಾಕಿತ್ತು. ಕೊಟ್ಟದ್ದು 27,727 ಲಕ್ಷ. ಹೆಚ್ಚಿನ 421 ಲಕ್ಷವನ್ನು 2,000ದಿಂದ ಭಾಗಿಸಿ. 21,050.

ತಖ್ತೆಯಲ್ಲಿ ಹೆಚ್ಚಾಗಿ ಕಂಡ ‘ಜನ’ ಎಷ್ಟೋ, ಗೋಷ್ವಾರೆಯಲ್ಲಿ ಅಡಗಿದ್ದ ಹೆಚ್ಚುವರಿ ಕಂತುಗಳೂ ಅಷ್ಟೇ. ಗೋಷ್ವಾರೆ ಮಹಿಳೆಯರನ್ನು ಎಣಿಸಿದೆ. ತಖ್ತೆ ಎಲ್ಲೋ ಒಂದು ಕಡೆ ಕಂತುಗಳನ್ನು ಎಣಿಸಿ ಅದನ್ನು ಫಲಾನುಭವಿಗಳ ಕಾಲಂನಲ್ಲಿ ತುಂಬಿದೆ. ಕಾಫಿ ಬೆಳೆಯುವ ನಮಗೆ ಇದು ಅರ್ಥವಾಗದ್ದೇನಲ್ಲ. ಒಂದು ತೋಟದವರು ಚೆರ್ರಿಯ ಮೂಟೆ, ಇನ್ನೊಂದು ತೋಟದವರು ಪಾರ್ಚ್‌ಮೆಂಟ್ ಮೂಟೆ ಬರೆಸಿ, ಗುಮಾಸ್ತ ಎರಡನ್ನೂ ‘ಮೂಟೆ’ ಎಂದು ಕೂಡಿಸಿದಂತೆ.

ಯಾವ ಜಿಲ್ಲೆಯಲ್ಲಿ ಹೀಗಾಗಿದೆ ಎಂಬುದು ಈ ತಿಂಗಳ ತಖ್ತೆಯಿಂದ ತಿಳಿಯುವುದಿಲ್ಲ. ಕಂತುಗಳನ್ನೇ ಜನ ಎಂದು ಎಣಿಸಿದ ಜಿಲ್ಲೆಯ ಸಾಲು ಯಾವಾಗಲೂ ತಲಾ 2,000 ಎಂದೇ ತೋರಿಸುತ್ತದೆ, ಎಲ್ಲರಿಗಿಂತ ಅಚ್ಚುಕಟ್ಟಾಗಿ ಕಾಣುತ್ತದೆ. ಹಿಂದಿನ ತಿಂಗಳ ತಖ್ತೆ ಬೇಕು. ನಮ್ಮ ಅಭ್ಯಾಸದ ರಾಜ್ಯದಲ್ಲಿ ಹಿಂದಿನ ತಿಂಗಳು ‘ಅ’ದಿಂದ ‘ಈ’ವರೆಗಿನ ಜಿಲ್ಲೆಗಳಲ್ಲಿ ಕೆಲವು ನೂರರಷ್ಟೇ ಏರಿಳಿತ. ‘ಉ’ದಲ್ಲಿ ಮಾತ್ರ ಆಗ 84,150, ಈಗ 1,26,250. ಒಂದೇ ತಿಂಗಳಲ್ಲಿ ಅರ್ಧದಷ್ಟು ಏರಿಕೆ. ಹೊಸ ಅರ್ಜಿಗಳಿಂದ ಹೀಗಾಗುವುದಿಲ್ಲ. ಹಿಂದಿನ ತಿಂಗಳು ತಪ್ಪಿದವರಿಗೆ ಈಗ ಎರಡು ಕಂತು ಒಟ್ಟಿಗೆ ಬಂದಿದ್ದರೆ, ಎರಡು ತಿಂಗಳಲ್ಲಿ ಪ್ರತಿಯೊಬ್ಬರಿಗೂ ಸರಿಯಾಗಿ ಎರಡು ಕಂತಾಗಿರುತ್ತದೆ. ಹಾಗಾಗಿ ಎರಡೂ ತಿಂಗಳನ್ನು ಕೂಡಿಸಿ ಅರ್ಧ ಮಾಡಿ: 1,05,200. ಆ ಜಿಲ್ಲೆಯ ನಿಜವಾದ ಫಲಾನುಭವಿಗಳು ಅಷ್ಟು. 1,26,250ರಿಂದ 21,050 ಕಳೆದರೂ ಉಳಿಯುವುದು ಅದೇ 1,05,200. ಎರಡು ದಾರಿಗಳೂ ಒಂದೇ ಕಡೆ ಬಂದು ಸೇರಿದವು.

ಹಾಗಾದರೆ ಸುದ್ದಿ ಏನು? ಸುಳ್ಳು ಫಲಾನುಭವಿಗಳು ಎಂಬುದು ಸುದ್ದಿಯಲ್ಲ. ರಾಜ್ಯದ ಅತಿ ಚಿಕ್ಕ ಜಿಲ್ಲೆಯಲ್ಲಿ ಹಿಂದಿನ ತಿಂಗಳು ಐದರಲ್ಲಿ ಒಬ್ಬ ಮಹಿಳೆಗೆ ಹಣವೇ ಬಂದಿರಲಿಲ್ಲ ಎಂಬುದು ಸುದ್ದಿ. ಅದು ಯಾವ ತಿಂಗಳ ಗೋಷ್ವಾರೆಯಲ್ಲೂ ಕಾಣಿಸುವುದಿಲ್ಲ, ಈ ತಿಂಗಳ ತಖ್ತೆಯಲ್ಲಂತೂ ಪಾವತಿ ಹೆಚ್ಚಾದಂತೆ ಕಾಣಿಸುತ್ತದೆ. ತಾಳೆಯಾಗದ ಒಂದು ಸಂಖ್ಯೆಯ ಹಿಂದೆ ಹೋದದ್ದರಿಂದ ಮಾತ್ರ ಅದು ಹೊರಬಂತು. ಏಕೆ ಬರಲಿಲ್ಲ ಎಂಬುದು ಮುಂದಿನ ಪ್ರಶ್ನೆ. ಖಾತೆಗೆ ಆಧಾರ್ ಜೋಡಣೆಯಾಗಿರದೆ ಬ್ಯಾಂಕ್ ತಿರಸ್ಕರಿಸಿತೇ, ಬಿಲ್ಲು ಖಜಾನೆಯಲ್ಲಿ ನಿಂತಿತೇ, ಅಥವಾ ಅನುದಾನವೇ ತಡವಾಯಿತೇ? ತಿರಸ್ಕಾರವಾದರೆ ಹೆಸರುಗಳು ಎಲ್ಲ ಜಿಲ್ಲೆಗಳಲ್ಲೂ ಚದುರಿರುತ್ತವೆ. ಒಂದೇ ಜಿಲ್ಲೆಯಲ್ಲಿ ಐದರಲ್ಲಿ ಒಂದು ಪಾಲು ಒಟ್ಟಿಗೆ ನಿಂತಿದ್ದರೆ ಒಂದು ಇಡೀ ತಾಲ್ಲೂಕಿನ ಪಟ್ಟಿಯೋ ಬಿಲ್ಲೋ ನಿಂತಿರುವ ಸಂಭವ ಹೆಚ್ಚು. ತಾಲ್ಲೂಕುವಾರು ತಖ್ತೆ ಕೇಳಿದರೆ ಅದು ಕೂಡಲೇ ಗೊತ್ತಾಗುತ್ತದೆ.

ಇದುವರೆಗೆ ತಾಳೆಯಾಗದ ಲೆಕ್ಕ ನೋಡಿದೆವು. ತಾಳೆಯಾಗಿಯೂ ತಪ್ಪಾಗಿರುವ ಲೆಕ್ಕ ಒಂದಿದೆ, ಅದು ನಮ್ಮ ಗಡಿಯಲ್ಲೇ ಇದೆ.

ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅದು ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ಕೊಪ್ಪದಲ್ಲಿ ಮನೆ ಇದ್ದು ಕುಶಾಲನಗರದ ಬ್ಯಾಂಕಿನಲ್ಲಿ ಖಾತೆ ಇಟ್ಟುಕೊಂಡಿರುವುದು ವಿಶೇಷವೇನಲ್ಲ, ಪೇಟೆ ಇರುವುದೇ ಈ ದಡದಲ್ಲಿ. ಅಂಥ ಮಹಿಳೆ ಯಾವ ಜಿಲ್ಲೆಯ ಫಲಾನುಭವಿ? ಪಡಿತರ ಚೀಟಿಯ ಪ್ರಕಾರ ಮೈಸೂರು. ತಖ್ತೆಯನ್ನು ಬ್ಯಾಂಕ್ ಶಾಖೆಯ ಪ್ರಕಾರ ವಿಂಗಡಿಸಿದ್ದರೆ ಕೊಡಗು. ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಕಾಫಿ ಕೊಯ್ಲಿಗೆ ಬಂದು ಲೈನ್ ಮನೆಗಳಲ್ಲಿ ಉಳಿದವರನ್ನೂ ಸೇರಿಸಿ ನೋಡಿ. ಚೀಟಿ ಊರಿನಲ್ಲಿ, ಖಾತೆ ಸಿದ್ದಾಪುರದಲ್ಲೋ ಗೋಣಿಕೊಪ್ಪದಲ್ಲೋ ಇರಬಹುದು. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ. ಅರ್ಜಿಯಲ್ಲಿ ಯಾವ ಊರು ಬರೆದಿದ್ದರು ಎಂಬುದಕ್ಕೂ ಆ ಖಾತೆಯ ಶಾಖೆಗೂ ಸಂಬಂಧ ಇರಲೇಬೇಕೆಂದಿಲ್ಲ.

ಇಂಥ ಐದು ಸಾವಿರ ಹೆಸರುಗಳು ಮೈಸೂರಿನ ಸಾಲಿನಿಂದ ಕೊಡಗಿನ ಸಾಲಿಗೆ ಬಂದವು ಎಂದುಕೊಳ್ಳಿ. ರಾಜ್ಯದ ಮೊತ್ತ ಒಂದು ಪೈಸೆಯೂ ಬದಲಾಗುವುದಿಲ್ಲ. ತಲಾ ಮೊತ್ತ 2,000ವೇ. ಸಾಲುಗಳ ಎಣಿಕೆ ಸರಿ. ಮೇಲೆ ಹೇಳಿದ ಪರೀಕ್ಷೆಗಳೆಲ್ಲವನ್ನೂ ಈ ತಖ್ತೆ ದಾಟುತ್ತದೆ. ಮೈಸೂರಿನಂಥ ದೊಡ್ಡ ಜಿಲ್ಲೆಗೆ ಐದು ಸಾವಿರ ಕಡಿಮೆಯಾದದ್ದು ಗೊತ್ತೂ ಆಗುವುದಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಅಷ್ಟು ಹೆಸರುಗಳು ಸೇರಿದರೆ ‘ಕೊಡಗಿನಲ್ಲಿ ಯೋಜನೆ ನೂರಕ್ಕೆ ನೂರು ತಲುಪಿದೆ’ ಎಂದು ಸಭೆಯಲ್ಲಿ ಓದುವಷ್ಟು ಸಂಖ್ಯೆ ಏರುತ್ತದೆ. ಹಾಡಿಯ ಯರವ, ಜೇನುಕುರುಬ ಕುಟುಂಬಗಳಲ್ಲಿ ಆಧಾರ್ ತಿದ್ದುಪಡಿಯಾಗದೆ ಹೊರಗುಳಿದವರು ಯಾರಾದರೂ ಇದ್ದರೆ, ಅವರ ಜಾಗವನ್ನು ನದಿಯ ಆಚೆಯ ಹೆಸರುಗಳು ತುಂಬಿ ಅವರನ್ನು ಲೆಕ್ಕದಿಂದಲೇ ಮರೆಮಾಡುತ್ತವೆ. ನನಗೆ ಹೆಚ್ಚು ಕಳವಳ ಕೊಡುವುದು ಇಂಥ ಲೆಕ್ಕ. 54 ಲಕ್ಷದ ಕೈತಪ್ಪು ಅದರ ಮುಂದೆ ಏನೂ ಅಲ್ಲ.

ಇದನ್ನು ಹಿಡಿಯಲು ಹೊರಗಿನ ಒಂದು ಸಂಖ್ಯೆ ಬೇಕು. ಅರ್ಹ ಪಡಿತರ ಚೀಟಿಗಳ ತಾಲ್ಲೂಕುವಾರು ಸಂಖ್ಯೆಯನ್ನು ಆಹಾರ ಇಲಾಖೆಯಿಂದ ತೆಗೆದುಕೊಂಡು, ಪಾವತಿ ಪಡೆದವರನ್ನು ಅದರ ಪಕ್ಕದಲ್ಲಿಡಿ. ಮೈಸೂರಿನ ಗಡಿಯಿಂದ ದೂರದ ಮಡಿಕೇರಿ ತಾಲ್ಲೂಕಿನಲ್ಲಿ ಒಂದು ಪ್ರಮಾಣ ಬಂದು, ಕುಶಾಲನಗರದಲ್ಲಿ ಅದಕ್ಕಿಂತ ಬಹಳ ಹೆಚ್ಚಾಗಿ, ಪಿರಿಯಾಪಟ್ಟಣದಲ್ಲಿ ಕಡಿಮೆಯಾಗಿ ಕಂಡರೆ ಶಾಖೆಯ ಪ್ರಕಾರ ವಿಂಗಡಿಸಿದ್ದಾರೆಂದು ಅನುಮಾನಿಸಬಹುದು. ನೂರಕ್ಕೆ ನೂರು ದಾಟಿದರಂತೂ ಅನುಮಾನವೇ ಬೇಡ. ಆದರೆ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಕುಟುಂಬಗಳಿಗೆ ಗೃಹಲಕ್ಷ್ಮಿ ಇಲ್ಲ. ಹಾಗಾಗಿ ಪ್ರಮಾಣ ತಾಲ್ಲೂಕಿನಿಂದ ತಾಲ್ಲೂಕಿಗೆ ಸ್ವಲ್ಪ ಬದಲಾಗುವುದು ಸಹಜ. ನಾಲ್ಕೈದು ಶೇಕಡಾ ವ್ಯತ್ಯಾಸ ನೋಡಿ ಯಾರ ಮೇಲೂ ಎಗರಬೇಡಿ.

ದಿನಾಂಕದ ವಿಷಯ ಒಂದು ಮಾತಿನಲ್ಲಿ ಮುಗಿಸುತ್ತೇನೆ. ಗೋಷ್ವಾರೆಯನ್ನು ತಿಂಗಳ ಹತ್ತರಂದು, ತಖ್ತೆಯನ್ನು ಇಪ್ಪತ್ತರಂದು ತೆಗೆದಿದ್ದರೆ ನಡುವೆ ಜಮೆಯಾದದ್ದೂ ತಿರಸ್ಕೃತವಾಗಿ ವಾಪಸ್ ಬಂದದ್ದೂ ವ್ಯತ್ಯಾಸವಾಗಿ ನಿಲ್ಲುತ್ತವೆ. ಆಗ ವ್ಯತ್ಯಾಸ ಬಹುತೇಕ ಎಲ್ಲ ಜಿಲ್ಲೆಗಳಲ್ಲೂ ಹರಡಿರುತ್ತದೆ, ಹಣ ಮತ್ತು ಜನ ಎರಡೂ 2,000ದ ಲೆಕ್ಕದಲ್ಲಿ ಒಟ್ಟಿಗೇ ಚಲಿಸುತ್ತವೆ. ನಮ್ಮ ಹಲಗೆಯ ಉದಾಹರಣೆಯಲ್ಲಿ ಹಾಗಾಗಿರಲಿಲ್ಲ, ಅದಕ್ಕೇ ನಾನು ದಿನಾಂಕವನ್ನು ದೂರಲಿಲ್ಲ. ಮಾರ್ಚ್ ಕೊನೆಯ ತಖ್ತೆಗಳಲ್ಲಿ ಮಾತ್ರ ಮೊದಲು ದಿನಾಂಕವನ್ನೇ ಅನುಮಾನಿಸಿ. ಬಿಲ್ಲು ಒಂದು ಆರ್ಥಿಕ ವರ್ಷದಲ್ಲಿ, ಜಮೆ ಇನ್ನೊಂದರಲ್ಲಿ ಆಗಿರುತ್ತದೆ.

ಕಚೇರಿಯಲ್ಲಿ ಏನು ಕೇಳಬೇಕು ಎಂದು ಇಲ್ಲಿಯ ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ಆಗಲೇ ಚೀಟಿ ಕಳಿಸಿದ್ದಾರೆ. ಹೆಸರುಗಳ ಪಟ್ಟಿ ಕೇಳಬೇಡಿ. ಅದು ಬೇಕಿಲ್ಲ, ಕೇಳಿದರೆ ಖಾಸಗಿ ಮಾಹಿತಿ ಎಂದು ಅರ್ಜಿಯೇ ಬಿದ್ದುಹೋಗುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕರಣ ಸಹಾಯಧನ ಕಾರ್ಯಕ್ರಮಗಳಿಗೆ ಹಂಚಿಕೆಯಾದ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆನ್ನುತ್ತದೆ. ಮೊದಲು ಅದನ್ನು ತೋರಿಸಿ ಬಾಯಿಮಾತಿನಲ್ಲಿ ಕೇಳಿ ನೋಡಿ. ಆಗದಿದ್ದರೆ 6(1)ರ ಅಡಿ ಅರ್ಜಿ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು, ಆದ್ದರಿಂದ ಪೀಠಿಕೆ ಬರೆಯಲು ಜಾಗವಿಲ್ಲ. ನಾನಾದರೆ ಹೀಗೆ ಬರೆಯುತ್ತೇನೆ: ‘ಇಂಥ ತಿಂಗಳ ಜಿಲ್ಲಾವಾರು ತಖ್ತೆಗೆ ಸಂಬಂಧಿಸಿ, ಫಲಾನುಭವಿಗಳ ಕಾಲಂನಲ್ಲಿ ಎಣಿಸಿರುವುದು ವ್ಯಕ್ತಿಗಳನ್ನೋ ಜಮೆಯಾದ ಕಂತುಗಳನ್ನೋ, ಜಿಲ್ಲೆಯನ್ನು ಪಡಿತರ ಚೀಟಿಯ ವಿಳಾಸದಿಂದ ನಿರ್ಧರಿಸಲಾಗಿದೆಯೋ ಬ್ಯಾಂಕ್ ಶಾಖೆಯಿಂದಲೋ, ಗೋಷ್ವಾರೆ ಮತ್ತು ತಖ್ತೆಯನ್ನು ತಂತ್ರಾಂಶದಿಂದ ತೆಗೆದ ದಿನಾಂಕಗಳು, ಆ ತಿಂಗಳು ತಿರಸ್ಕೃತವಾದ ಪಾವತಿಗಳ ತಾಲ್ಲೂಕುವಾರು ಸಂಖ್ಯೆ ಮತ್ತು ಮೊತ್ತ, ಇವುಗಳ ದಾಖಲೆಗಳ ಪ್ರತಿ ನೀಡಿ.’ ‘ಏಕೆ’ ಎಂಬ ಪ್ರಶ್ನೆ ಇದರಲ್ಲಿಲ್ಲ ಎಂಬುದನ್ನು ಗಮನಿಸಿ. ಕಾರಣ ಕೇಳಿದರೆ ಅದು ಮಾಹಿತಿಯಲ್ಲ ಎಂದು ಹಿಂದಿರುಗಿಸುತ್ತಾರೆ. ದಾಖಲೆ ಕೇಳಬೇಕು.

ಕುಶಾಲನಗರದಿಂದ ಬಂದ ಅಕ್ಕ ಒಬ್ಬರು ಕೇಳುತ್ತಿದ್ದಾರೆ, ಕೊಪ್ಪದ ಆ ಮಹಿಳೆಯನ್ನು ಕೊನೆಗೆ ಯಾವ ಜಿಲ್ಲೆಗೆ ಬರೆಯಬೇಕು ಎಂದು. ನನ್ನ ಅಭಿಪ್ರಾಯ, ಪಡಿತರ ಚೀಟಿಯ ಜಿಲ್ಲೆಗೆ. ಅರ್ಹತೆ ನಿರ್ಧಾರವಾದದ್ದು ಆ ಚೀಟಿಯಿಂದ. ಹಣ ನಿಂತರೆ ಆಕೆ ಹೋಗಿ ಕೇಳಬೇಕಾದದ್ದೂ ಪಿರಿಯಾಪಟ್ಟಣದ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು, ಕುಶಾಲನಗರದ ಬ್ಯಾಂಕ್ ವ್ಯವಸ್ಥಾಪಕರನ್ನಲ್ಲ. ಇಲಾಖೆ ಬೇರೆ ರೀತಿಯಲ್ಲಿ ವಿಂಗಡಿಸುವುದಾದರೆ ವಿಂಗಡಿಸಲಿ, ತಖ್ತೆಯ ಷರಾ ಕಾಲಂನಲ್ಲಿ ಅದನ್ನು ಒಂದು ಸಾಲು ಬರೆಯಬೇಕು. ಮುಂದಿನ ಕೆಡಿಪಿ ಸಭೆಯಲ್ಲಿ ಆ ಷರಾ ಕಾಲಂ ಖಾಲಿ ಇದ್ದರೆ, ಸಂಖ್ಯೆಗಳ ಬಗ್ಗೆ ಮಾತನಾಡುವ ಮುನ್ನ ಅದನ್ನು ತುಂಬಿಸಿಕೊಳ್ಳಿ.